‘ಪ್ಯೂಟರ್’ಗೆ ಕನ್ನಡ ಪದ ಬೇಕಾಗಿದೆ (ತುರ್ತು)

ಅನುವಾದಕಿ, ಮೈಸೂರು:
ಮಾನ್ಯರೇ, ಲಂಡನ್ನಿನಲ್ಲಿ ತಯಾರಾದ 18ನೆಯ ಶತಮಾನದ ಊಟದ ತಟ್ಟೆಯೊಂದಕ್ಕೆ ನಾನು ಬರೆಯುತ್ತಿರುವ ಪ್ರದರ್ಶನ ಫಲಕ ನಾಳೆ ಮಧ್ಯಾಹ್ನ ಅಚ್ಚಿಗೆ ಹೋಗಬೇಕು. ಇಂಗ್ಲಿಷ್ ಟಿಪ್ಪಣಿಯಲ್ಲಿ ‘ಪ್ಯೂಟರ್’ ಎಂದಿದೆ. ಆದರೆ ತಟ್ಟೆಯ ಹಿಂಬದಿಯಲ್ಲಿ ಬೆಳ್ಳಿಯ ಮುದ್ರೆಗಳಂತೆ ನಾಲ್ಕು ಪುಟ್ಟ ಗುರಾಣಿಗಳು ಸಾಲಾಗಿವೆ. ಬೆಳ್ಳಿ ಎನ್ನಲೇ, ತವರ ಎನ್ನಲೇ?

ನಿವೃತ್ತ ಕನ್ನಡ ಅಧ್ಯಾಪಕರು:
‘ಬೆಳ್ದವರ’ ಎನ್ನಿ. ಬೆಳ್ದಿಂಗಳಿನ ಹಾದಿಯಲ್ಲೇ ಇದೂ ಸಿದ್ಧಿಸುತ್ತದೆ. ಇಂಗ್ಲಿಷ್ ಪದಕ್ಕೆ ಕನ್ನಡದ ಅಂಗಿ ತೊಡಿಸುವ ಚಾಳಿ ಸಾಕು.

ಹಳೆಯ ಪಾತ್ರೆಗಳ ಸಂಗ್ರಾಹಕರು:
ಸಂಧಿ ಸರಿ, ವಸ್ತು ತಪ್ಪು. ಪ್ಯೂಟರ್‌ನಲ್ಲಿ ಬಹುಪಾಲು ತವರವೇ ಇದ್ದರೂ, ತಾಮ್ರ, ಆಂಟಿಮನಿ, ಹಳೆಯದಾದರೆ ಹಲವೊಮ್ಮೆ ಸೀಸವೂ ಬೆರೆತಿರುತ್ತವೆ. ಕಾಲ ಕಳೆದಂತೆ ಅದು ಬಿಳುಪೇರದೆ ಮಂಕು ಬೂದಿಬಣ್ಣಕ್ಕೆ ತಿರುಗುತ್ತದೆ. ಬೆಳ್ಳಿ ಕಂದುಗಪ್ಪಾಗುತ್ತದೆ, ಉಜ್ಜಿದರೆ ಮತ್ತೆ ಬೆಳಗುತ್ತದೆ.

ಆ ನಾಲ್ಕು ಗುರಾಣಿಗಳನ್ನು ನೋಡಿ ಮೋಸಹೋಗಬೇಡಿ. ಪ್ಯೂಟರ್ ಕೆಲಸಗಾರರು ಬೆಳ್ಳಿಯ ಮುದ್ರೆಗಳನ್ನು ಹೋಲುವ ಗುರುತುಗಳನ್ನು ಬೇಕೆಂದೇ ಒತ್ತುತ್ತಿದ್ದರು. ಇಂಗ್ಲೆಂಡಿನ ಸ್ಟರ್ಲಿಂಗ್ ಬೆಳ್ಳಿಯಾದರೆ ಸಾಮಾನ್ಯವಾಗಿ ಮುಂಗಾಲೆತ್ತಿ ನಡೆಯುವ ಸಿಂಹವಿರುತ್ತದೆ. ಕಿರೀಟದಡಿ ಗುಲಾಬಿಯೋ ಎಕ್ಸ್ ಅಕ್ಷರವೋ ಕಂಡರೆ ಪ್ಯೂಟರ್ ಎಂಬ ಅನುಮಾನ ಬಲವಾಗುತ್ತದೆ.

ತೂಕ ಇನ್ನೂ ಗಟ್ಟಿಯಾದ ಸಾಕ್ಷಿ. ತಟ್ಟೆಯನ್ನು ಮೊದಲು ಒಣಗಿದಂತೆ ತೂಗಿ, ಬಳಿಕ ದಾರದಲ್ಲಿ ಕಟ್ಟಿ, ತಳ ಮುಟ್ಟದಂತೆ ನೀರಿನಲ್ಲಿ ಪೂರ್ತಿ ಮುಳುಗಿಸಿ ತೂಗಿ. ಒಣ ತೂಕ 620 ಗ್ರಾಂ, ನೀರಿನಲ್ಲಿ 535 ಗ್ರಾಂ ಬಂದಿತೆನ್ನೋಣ. 620ನ್ನು ವ್ಯತ್ಯಾಸವಾದ 85ರಿಂದ ಭಾಗಿಸಿದರೆ ಸುಮಾರು 7.3; ಅಂದರೆ ಲೋಹ ಅಷ್ಟೇ ಗಾತ್ರದ ನೀರಿಗಿಂತ ಅಷ್ಟು ಪಟ್ಟು ಭಾರ. ಅದೇ ತೂಕದ ಸ್ಟರ್ಲಿಂಗ್ ಬೆಳ್ಳಿಯಲ್ಲಿ ವ್ಯತ್ಯಾಸ 60ರ ಆಸುಪಾಸಿನಲ್ಲಿರುತ್ತಿತ್ತು. ಆದರೆ ಶುದ್ಧ ತವರವೂ 7.3ರಲ್ಲೇ ನಿಲ್ಲುವುದರಿಂದ, ತವರವನ್ನೂ ಒಳ್ಳೆಯ ಪ್ಯೂಟರನ್ನೂ ಈ ಲೆಕ್ಕ ಬೇರ್ಪಡಿಸಲಾರದು. ಸೀಸ ಹೆಚ್ಚಿದ್ದರೆ ಮಾತ್ರ ಅಂಕಿ ಮೇಲೇರುತ್ತದೆ. ಒಲೆಯ ಮೇಲಿಟ್ಟು ಪರೀಕ್ಷಿಸುವ ಸಾಹಸ ಬೇಡ; 250 ಡಿಗ್ರಿ ಸೆಲ್ಸಿಯಸ್ ಮುಟ್ಟುವ ಮೊದಲೇ ತಟ್ಟೆ ಕರಗಿಹೋಗುತ್ತದೆ.

ಗೃಹಿಣಿ, ಧಾರವಾಡ:
ನಮ್ಮ ಅಜ್ಜಿಯ ಚಹಾಪುಡಿಯ ಡಬ್ಬಿಯೂ ಇದೇ ಬೂದಿಬಣ್ಣದ್ದರಿ. ಅಯಸ್ಕಾಂತ ಗಟ್ಟಿಯಾಗಿ ಅಂಟುತ್ತದೆ, ಅಂಚಿನಲ್ಲಿ ತುಕ್ಕೂ ಇದೆ. ಅದೂ ಪ್ಯೂಟರ್ ಇರಬಹುದೇನು?

ಸಂಗ್ರಾಹಕರು:
ಇಲ್ಲ ತಾಯಿ, ಅದು ತವರ ಲೇಪಿಸಿದ ಕಬ್ಬಿಣದ ತಗಡು. ತವರ, ಪ್ಯೂಟರ್, ಬೆಳ್ಳಿ ಮೂರಕ್ಕೂ ಅಯಸ್ಕಾಂತ ಅಂಟುವುದಿಲ್ಲ.

ಪತ್ರಿಕೆಯ ಉಪಸಂಪಾದಕರು:
ಹಾಗಾದರೆ ‘ಕಲಾಯಿ ತಟ್ಟೆ’ ಎಂದರಾಯಿತಲ್ಲ? ತವರ ಇದ್ದೇ ಇದೆ.

ಸಂಗ್ರಾಹಕರು:
ಕಲಾಯಿ ತಾಮ್ರ, ಹಿತ್ತಾಳೆ ಪಾತ್ರೆಗಳ ಒಳಮೈಗೆ ಹಚ್ಚುವ ಲೇಪ. ಇಲ್ಲಿ ಇಡೀ ತಟ್ಟೆಯೇ ಆ ಮಿಶ್ರಲೋಹ.

ಅಧ್ಯಾಪಕರು:
ಕಲಾಯಿಯೂ ಅರಬ್ಬಿಯಿಂದ ಬಂದದ್ದೇ. ಹೀಗೆ ಎರವಲು ತರುತ್ತಾ ಹೋದರೆ ಕನ್ನಡದಲ್ಲಿ ಲೋಹಗಳ ಹೆಸರು ಉಳಿಯುವುದೆಂದು?

ಅನುವಾದಕಿ:
ನಾಲ್ಕು ಗುರಾಣಿಗಳಲ್ಲಿ ಸಿಂಹವಿಲ್ಲ, ಪಕ್ಕದಲ್ಲಿ ಕಿರೀಟದಡಿ ಎಕ್ಸ್ ಇದೆ. ನೀರಿನಲ್ಲಿ ತೂಗಿದಾಗ 7.4 ಬಂದಿತು. ಫಲಕದಲ್ಲಿ ‘ಪ್ಯೂಟರ್ ತಟ್ಟೆ (ತವರದ ಮಿಶ್ರಲೋಹ)’ ಎಂದು ಬರೆಯುತ್ತಿದ್ದೇನೆ.

ಅಧ್ಯಾಪಕರು:
ಆವರಣದೊಳಗಿನದು ಕನ್ನಡ. ಅದನ್ನೇ ಹೊರಗೆ ತರಬಹುದಿತ್ತು.