ಹೆಬ್ಬೆರಳಿನ ಬುಡದಲ್ಲಿ ಸಂಧಿವಾತ: ಹೆಚ್ಚದೆ, ತುರಿಯದೆ, ಭಾರ ಎತ್ತದೆ ಊಟ ಮಾಡಿಕೊಳ್ಳುವುದು ಹೇಗೆ?

ವಸುಧಾ
ಎರಡೂ ಕೈಯ ಹೆಬ್ಬೆರಳಿನ ಬುಡದಲ್ಲಿ ಸಂಧಿವಾತ, ಬಲಗೈಯಲ್ಲಿ ಜಾಸ್ತಿ. ಚಾಕು ಒತ್ತಿದರೆ ನೋವು ಮಣಿಕಟ್ಟಿನವರೆಗೂ ಬರುತ್ತದೆ. ತುರಿಯುವುದನ್ನಂತೂ ಬಿಟ್ಟೇಬಿಟ್ಟಿದ್ದೇನೆ. ಮೊನ್ನೆ ಆಲೂಗಡ್ಡೆ ಬೇಯಿಸಿ ನೀರು ಬಸಿಯುವಾಗ ಹಿಡಿತ ಸಡಿಲವಾಗಿ ಬಿಸಿನೀರೆಲ್ಲ ಸಿಂಕಿನ ಅಂಚಿಗೆ ಚೆಲ್ಲಿತು. ಕಾಲಿಗೆ ಬೀಳಲಿಲ್ಲ ಅಷ್ಟೇ.

ಒಬ್ಬಳೇ ಇರುವುದರಿಂದ ಅಡುಗೆ ನಾನೇ ಮಾಡಿಕೊಳ್ಳಬೇಕು. ಒಂದೂವರೆ ಲೀಟರಿನ ಎಲೆಕ್ಟ್ರಿಕ್ ರೈಸ್ ಕುಕ್ಕರ್, ಕೆಟಲ್, ಮೈಕ್ರೋವೇವ್ ಇವೆ. ಇಷ್ಟರಲ್ಲೇ ಆಗುವಂಥದ್ದು ಏನಾದರೂ ಹೇಳಿ. ಬ್ರೆಡ್ ತಿಂದು ತಿಂದು ಸಾಕಾಗಿದೆ.

ಗಿರೀಶ್_ಅಡುಗೆಮನೆ
ಚಾಕು ಬಿಡಿ ಮೇಡಂ, ಅಡುಗೆಮನೆ ಕತ್ತರಿ ತಗೊಳ್ಳಿ. ಬೀನ್ಸ್, ಸೊಪ್ಪು ಎಲ್ಲ ಪಾತ್ರೆಯ ಮೇಲೇ ಕತ್ತರಿಸಿ ಹಾಕಬಹುದು. ಗಟ್ಟಿ ತರಕಾರಿಗೆ ಹಗ್ಗ ಎಳೆಯುವ ಚಾಪರ್ ಇದೆಯಲ್ಲ, ಅದು ಸಾಕು. ನಮ್ಮ ಮನೆಯಲ್ಲಿ ಚಾಕುವೇ ಮೂಲೆ ಸೇರಿದೆ.

ಕೇಶವ ಆರ್
ಅರಿಶಿನ ದಿನಾ ತಗೊಳ್ಳಿ, ಟೊಮೆಟೊ ನಿಲ್ಲಿಸಿ. ಸಂಧಿವಾತಕ್ಕೆ ಊಟವೇ ಔಷಧ ಅಂತ ನನ್ನ ನಂಬಿಕೆ.

ವಸುಧಾ
ಕೇಶವ ಅವರೇ, ನಾನು ಕೇಳಿದ್ದು ಏನು ತಿನ್ನಬೇಕು ಅಂತಲ್ಲ, ಹೇಗೆ ಮಾಡಿಕೊಳ್ಳಬೇಕು ಅಂತ.

ನಿಧಾನಿ
ನಾನು ಆಕ್ಯುಪೇಶನಲ್ ಥೆರಪಿಸ್ಟ್. ಇಂಥ ಕೈಗಳನ್ನು ದಿನಾ ನೋಡುತ್ತೇನೆ. ಗಿರೀಶ್ ಹೇಳಿದ್ದು ಬೆರಳಿನ ಗಿಣ್ಣುಗಳಲ್ಲಿ ನೋವಿರುವ ಕೆಲವರಿಗೆ ಸರಿಹೋಗುತ್ತದೆ. ಹೆಬ್ಬೆರಳಿನ ಬುಡಕ್ಕೆ ಮಾಮೂಲಿ ಕತ್ತರಿಯೂ ಒಳ್ಳೆಯದಲ್ಲ. ಬೆರಳ ತುದಿಯಲ್ಲಿ ಚಿವುಟಿ ಹಿಡಿದ ಬಲ ಬುಡದ ಕೀಲಿಗೆ ಹಲವು ಪಟ್ಟಾಗಿ ಬೀಳುತ್ತದೆ. ಕತ್ತರಿಯೇ ಬೇಕೆಂದರೆ ಸ್ಪ್ರಿಂಗ್ ಇದ್ದು ತಾನಾಗಿ ತೆರೆದುಕೊಳ್ಳುವಂಥದ್ದು ನೋಡಿ. ಹಗ್ಗದ ಚಾಪರಿಗೆ ಹಾಕುವ ಮೊದಲು ತರಕಾರಿಯನ್ನು ನಾಲ್ಕು ಹೋಳು ಮಾಡಲೇಬೇಕು, ಅದನ್ನು ಯಾರು ಮಾಡುತ್ತಾರೆ? ಮೇಲೆ ಅಂಗೈ ಇಟ್ಟು ಒತ್ತುವ ಚಿಕ್ಕ ಎಲೆಕ್ಟ್ರಿಕ್ ಚಾಪರ್ ವಾಸಿ. ತುರಿಯ ಕೆಲಸವೂ ಸುಮಾರಾಗಿ ಅದರಲ್ಲೇ ಮುಗಿಯುತ್ತದೆ.

ನನ್ನ ಕೇಳಿದರೆ, ಹೆಚ್ಚುವುದನ್ನು ಬೆಂದ ಮೇಲೆ ಇಟ್ಟುಕೊಳ್ಳಿ. ಆಲೂಗಡ್ಡೆ, ಗೆಣಸನ್ನು ತೊಳೆದು ಫೋರ್ಕಿನಿಂದ ಎರಡು ಮೂರು ಕಡೆ ಚುಚ್ಚಿ ಇಡಿಯಾಗಿ ಮೈಕ್ರೋವೇವಿಗೆ ಹಾಕಿ. ಮಧ್ಯಮ ಗಾತ್ರದ್ದಕ್ಕೆ 5ರಿಂದ 8 ನಿಮಿಷ. ಆಮೇಲೆ ಚಮಚದ ಅಂಚಿನಲ್ಲೇ ತುಂಡಾಗುತ್ತದೆ, ಸಿಪ್ಪೆಯೂ ಸುಲಭವಾಗಿ ಬರುತ್ತದೆ.

ಇನ್ನು ಬಸಿಯುವುದನ್ನು ನಿಲ್ಲಿಸಿಬಿಡಿ. ಮೂರು ಲೀಟರ್ ನೀರೆಂದರೆ ಮೂರು ಕಿಲೋ, ಪಾತ್ರೆಯ ತೂಕ ಬೇರೆ. ಅದನ್ನು ಬಗ್ಗಿಸುವಾಗ ಭಾರವೆಲ್ಲ ಹೆಬ್ಬೆರಳಿಗೇ ಬರುತ್ತದೆ. ಅಳತೆ ನೀರಿಟ್ಟು ಪೂರ್ತಿ ಹೀರಿಕೊಳ್ಳುವ ಅಡುಗೆ ಮಾಡಿದರೆ ಬಸಿಯುವ ಮಾತೇ ಇಲ್ಲ.

ನಿಮ್ಮ ಕುಕ್ಕರಿಗೆ ಹೀಗೆ ಮಾಡಿ. ಖಾಲಿ ಒಳಪಾತ್ರೆಯನ್ನು ಮೊದಲೇ ಅದರ ಜಾಗದಲ್ಲಿ ಕೂರಿಸಿ, ಹೊರಗಡೆ ಒದ್ದೆ ಇರಬಾರದು. ಕುಕ್ಕರಿನ ಜೊತೆ ಬಂದ ಅಳತೆ ಕಪ್ಪಿನಲ್ಲಿ ಅರ್ಧ ಕಪ್ ಅಕ್ಕಿ, ಕಾಲು ಕಪ್ ಮಸೂರ್ ಬೇಳೆಯನ್ನು ಜರಡಿಯಲ್ಲಿ ನಲ್ಲಿಯ ಕೆಳಗೆ ತೊಳೆದು ಸುರಿಯಿರಿ. ಫ್ರೋಜನ್ ಬಟಾಣಿ, ಕ್ಯಾರೆಟ್, ಬೀನ್ಸ್ ಒಂದು ಕಪ್. ನೀರನ್ನು ಚಿಕ್ಕ ಮಗ್ಗಿನಲ್ಲಿ ತಂದು ಎರಡೂವರೆ ಕಪ್ ಹಾಕಿ. ಉಪ್ಪು, ಒಂದು ಚಮಚ ಎಣ್ಣೆ. ಬೇಳೆಯ ನೊರೆ ಉಕ್ಕದಂತೆ ಎಣ್ಣೆ ತಡೆಯುತ್ತದೆ. ಪಾತ್ರೆ ಅರ್ಧಕ್ಕಿಂತ ಜಾಸ್ತಿ ತುಂಬಬೇಡಿ. ಬೆಂದ ಮೇಲೆ ಪಾತ್ರೆ ಎತ್ತದೆ ಸೌಟಿನಲ್ಲೇ ಬಡಿಸಿಕೊಳ್ಳಿ. ಮೊಟ್ಟೆ ತಿನ್ನುವುದಾದರೆ ಕೊನೆಗೆ ಒಂದು ಒಡೆದು ಹಾಕಿ, ಬಿಳಿ ಹಳದಿ ಎರಡೂ ಗಟ್ಟಿಯಾಗುವ ತನಕ ಮುಚ್ಚಳ ಮುಚ್ಚಿಡಿ.

ವಸುಧಾ
ಮಾಡಿ ನೋಡಿದೆ. ಕೈಗೆ ನಿಜವಾಗಲೂ ಹಗುರ ಅನ್ನಿಸಿತು. ಆದರೆ ಸ್ವಲ್ಪ ಹೊತ್ತಿಗೇ ಗುಂಡಿ ಟಕ್ ಅಂತ ಮೇಲೆ ಬಂತು. ತೆಗೆದರೆ ಮೇಲೆ ಇನ್ನೂ ನೀರು, ಬೇಳೆ ಗಟ್ಟಿ, ತಳ ಕಂದು. ಜೊತೆಗೆ ಒಂದು ಟೊಮೆಟೊ ಹಾಕಿದ್ದೆ, ಅದರಿಂದಲಾ?

ಗಿರೀಶ್_ಅಡುಗೆಮನೆ
ನೀರು ಕಮ್ಮಿ ಆಗಿದೆ. ಇನ್ನೊಂದು ಕಪ್ ಹಾಕಿ.

ನಿಧಾನಿ
ಮೇಲೆ ನೀರು ನಿಂತಿತ್ತು ಅಂದಿದ್ದಾರಲ್ಲ ಗಿರೀಶ್. ನೀರು ಕಮ್ಮಿಯಾಗಿದ್ದರೆ ಮೇಲಿನಿಂದ ಕೆಳಗಿನವರೆಗೂ ಒಣಗಿರುತ್ತಿತ್ತು.

ಸಾಮಾನ್ಯ ರೈಸ್ ಕುಕ್ಕರ್ ನೋಡುವುದು ಪಾತ್ರೆಯ ತಳದ ಬಿಸಿಯನ್ನು ಮಾತ್ರ. ತಳದಲ್ಲಿ ನೀರಿರುವವರೆಗೆ ಬಿಸಿ ಸುಮಾರು 100 ಡಿಗ್ರಿಯಲ್ಲೇ ನಿಲ್ಲುತ್ತದೆ. ನೀರು ಆರಿದ ಮೇಲೆ ಏರುತ್ತದೆ, ಆಗ ಗುಂಡಿ ಹಾರುತ್ತದೆ. ಬೇಳೆ ಮತ್ತು ಅಕ್ಕಿಯ ಗಂಜಿ ತಳಕ್ಕೆ ಅಂಟಿ ಕೂತರೆ ನೀರು ಅಲ್ಲಿಗೆ ಇಳಿಯುವುದಿಲ್ಲ. ತಳ ಕಾಯುತ್ತದೆ, ಕುಕ್ಕರ್ ಅಡುಗೆ ಆಯಿತು ಅಂದುಕೊಳ್ಳುತ್ತದೆ. ಅದಕ್ಕೇ ಕುದಿ ಬಂದ ಮೇಲೆ ಒಮ್ಮೆ, ಆಮೇಲೆ ಇನ್ನೊಮ್ಮೆ ಮರದ ಸೌಟಿನಿಂದ ತಳ ಕೆರೆದು ಕಲಕಿ. ಹಿಡಿಗೆ ಬಟ್ಟೆ ಸುತ್ತಿ ದಪ್ಪ ಮಾಡಿಕೊಳ್ಳಿ. ಚಿವುಟಿ ಹಿಡಿಯದೆ ಮುಷ್ಟಿಯಲ್ಲಿ ಹಿಡಿದು ಕಲಕಬಹುದು.

ಹಾಗೂ ಹಾರಿದರೆ ಕೆಟಲಿನ ಬಿಸಿನೀರು ಅರ್ಧ ಕಪ್ ಹಾಕಿ, ತಳ ಬಿಡಿಸಿ, ಕೆಲವು ನಿಮಿಷ ಬಿಟ್ಟು ಗುಂಡಿ ಒತ್ತಿ. ತಕ್ಷಣ ಒತ್ತಿದರೆ ನಿಲ್ಲದೇ ಇರಬಹುದು. ಬೆರಳಲ್ಲಿ ಒತ್ತಿ ಹಿಡಿದುಕೊಂಡು ಮಾತ್ರ ಕೂರಬೇಡಿ, ಕೈಗೂ ಕುಕ್ಕರಿಗೂ ಒಳ್ಳೆಯದಲ್ಲ.

ಟೊಮೆಟೊ ಗುಂಡಿ ಹಾರಿಸಿದ್ದಲ್ಲ. ಆದರೆ ಹುಳಿ ಇದ್ದರೆ ಬೇಳೆ ಮೆತ್ತಗಾಗುವುದು ನಿಧಾನ. ಬೇಳೆ ಬೆಂದ ಮೇಲೆ ಹಾಕಿ.

ತಾರಾ ಎಚ್
ನನ್ನದು ರುಮಟಾಯ್ಡ್. ಬೆಳಿಗ್ಗೆ ಎದ್ದರೆ ಬೆರಳು ಮಡಚಲಿಕ್ಕೇ ಆಗುವುದಿಲ್ಲ, ಅದಕ್ಕೆ ಮಧ್ಯಾಹ್ನ ಕೈ ಸಡಿಲವಾದ ಮೇಲೆ ಎರಡು ಹೊತ್ತಿಗೂ ಮಾಡಿಡುತ್ತೇನೆ. ರಾತ್ರಿವರೆಗೂ ಕುಕ್ಕರಿನಲ್ಲೇ ಬಿಡಬಹುದಾ?

ನಿಧಾನಿ
ಆರುತ್ತಾ ಕೂತರೆ ಬೇಡ ಮೇಡಂ. ಬೆಂದ ಅನ್ನ ಉಗುರುಬೆಚ್ಚಗೆ ತುಂಬಾ ಹೊತ್ತು ಇದ್ದರೆ ಅದರಲ್ಲಿ ಬ್ಯಾಕ್ಟೀರಿಯಾ ಬೆಳೆದು ವಿಷ ಬಿಡುತ್ತದೆ. ಮತ್ತೆ ಬಿಸಿ ಮಾಡಿದರೂ ಅದು ಹೋಗುವುದಿಲ್ಲ. ವಾರ್ಮ್ ಮೋಡ್ 60 ಡಿಗ್ರಿಗಿಂತ ಮೇಲೆ ಇಡುತ್ತದೆ ಅನ್ನುವುದು ಖಾತ್ರಿಯಿಲ್ಲದಿದ್ದರೆ ಅಗಲವಾದ ತಟ್ಟೆ-ಬಟ್ಟಲಿಗೆ ತೆಳ್ಳಗೆ ಹರಡಿ, ಬೇಗ ಆರಿಸಿ, ಎರಡು ಗಂಟೆಯೊಳಗೆ ಫ್ರಿಜ್‌ಗೆ ಇಡಿ. ಡಬ್ಬಿಗೆ ಹಾಕಬೇಡಿ. ನಾಲ್ಕು ಕಡೆ ಲಾಕ್ ಆಗುವ ಮುಚ್ಚಳ ತೆಗೆಯುವಷ್ಟರಲ್ಲಿ ಹೆಬ್ಬೆರಳು ಸತ್ತೇಹೋಗುತ್ತದೆ. ಬಟ್ಟಲಿನ ಮೇಲೊಂದು ತಟ್ಟೆ ಮುಚ್ಚಿದರೆ ಆಯಿತು.

ಅಂದಹಾಗೆ, ನಿಮ್ಮದು ಬೇರೆ ಬಗೆಯ ಸಂಧಿವಾತ. ಕೀಲು ಊದಿ ಬಿಸಿಯಾಗಿರುವ ದಿನ ಇಲ್ಲಿನ ಯಾವ ಉಪಾಯವನ್ನೂ ಬಲವಂತವಾಗಿ ಮಾಡಬೇಡಿ. ಊತ ಹೊಸದಾಗಿದ್ದರೆ ಡಾಕ್ಟರಿಗೆ ತೋರಿಸಿ.

ವಸುಧಾ
ಈ ಸಲ ಎರಡು ಸಲ ಕಲಕಿದೆ, ಟೊಮೆಟೊ ಕೊನೆಗೆ. ಬೇಳೆ ಕರಗಿಹೋಗುವಷ್ಟು ಬೆಂದಿದೆ, ತಳದಲ್ಲಿ ತೆಳ್ಳಗೆ ಒಂದು ಪದರ ಮಾತ್ರ. ಆದರೆ ಪಾತ್ರೆ ತೊಳೆಯುವುದು? ಸಿಂಕಿಗೆ ಒಯ್ಯಲೇಬೇಕಲ್ಲ.

ತಾರಾ ಎಚ್
ಪಾತ್ರೆ ಆರಿದ ಮೇಲೆ ಪ್ಲಗ್ ತೆಗೆದು, ಜಾಗದಲ್ಲೇ ಎರಡು ಮಗ್ ನೀರು ಹಾಕಿ ನೆನೆಸಿ. ಅದನ್ನು ಮಗ್ಗಿನಲ್ಲೇ ಮೊಗೆದು ತೆಗೆದು ಖಾಲಿ ಪಾತ್ರೆಯನ್ನು ಎರಡೂ ಅಂಗೈಯಲ್ಲಿ ಒಯ್ಯಿರಿ. ನಾನಂತೂ ಅಡುಗೆ ಮಾಡುವಾಗ ಹೆಬ್ಬೆರಳಿನ ಸ್ಪ್ಲಿಂಟ್ ಹಾಕಿಕೊಂಡೇ ಇರುತ್ತೇನೆ, ನೀರಿನ ಕೆಲಸಕ್ಕೂ. ಮೇಲೊಂದು ದೊಡ್ಡ ಗ್ಲೌಸ್.

ನಿಧಾನಿ
ಮೊಗೆದು ತೆಗೆಯುವುದು ಒಳ್ಳೆ ಉಪಾಯ. ಆದರೆ ಸ್ಪ್ಲಿಂಟ್ ಮೇಲೆ ಗ್ಲೌಸ್ ನನಗೆ ಅಷ್ಟು ಒಪ್ಪಿಗೆಯಿಲ್ಲ, ಹಿಡಿತ ಜಾರುತ್ತದೆ. ಒಳಗೆ ಒದ್ದೆಯಾದರೆ ಚರ್ಮ ಕೆರಳುತ್ತದೆ.

ತಾರಾ ಎಚ್
ಸ್ಪ್ಲಿಂಟ್ ಇಲ್ಲದೆ ತೊಳೆದರೆ ರಾತ್ರಿ ನಿದ್ದೆಯಿಲ್ಲ ಸರ್. ಜಾರುವುದೇನೋ ನಿಜ.

ವಸುಧಾ
ಎರಡನ್ನೂ ನೋಡುತ್ತೇನೆ. ಮುಂದೆ ಇದೇ ಕುಕ್ಕರಿನಲ್ಲಿ ಕುಂಬಳಕಾಯಿ. ಇಡಿಯಾಗಿ ಹಿಡಿಯುವುದಿಲ್ಲ, ಸಿಪ್ಪೆ ತೆಗೆದು ಹೆಚ್ಚಿದ್ದು ಫ್ರೋಜನ್ ಸಿಗುತ್ತದಾ ನೋಡಬೇಕು.