ಗ್ರಹಣದ ದಿನ ಏಳು ತಿಂಗಳ ಬಸುರಿ: ಚಿಕ್ಕಮ್ಮನ ಉದ್ದನೆಯ ಉತ್ತರ

"ಚಿಕ್ಕಮ್ಮ, ಮಂಗಳವಾರ ಚಂದ್ರಗ್ರಹಣ ಅಲ್ವಾ. ಬೆಳಿಗ್ಗೆ 6:20ರಿಂದ ರಾತ್ರಿ ಸ್ನಾನ ಆಗುವವರೆಗೂ ನೀರು ಕೂಡ ಮುಟ್ಟಬಾರದು, ಚಾಕು ಹಿಡಿದರೆ ಮಗುವಿನ ತುಟಿ ಸೀಳುತ್ತೆ, ಕಿಟಕಿ ಮುಚ್ಚಿ ಅಲ್ಲಾಡದೆ ಮಲಗಿರಬೇಕು ಅಂತ ನಮ್ಮತ್ತೆ ಹೇಳ್ತಿದ್ದಾರೆ. ನನಗೆ ಏಳು ತಿಂಗಳು, ಇನ್ಸುಲಿನ್ ಬೇರೆ ತಗೊಳ್ತಿದ್ದೀನಿ. ಜಗಳ ಬೇಡ. ಆದ್ರೆ ಏನ್ ಮಾಡ್ಲಿ?"

ಪುಟ್ಟಿ, ಮೊದಲು ಒಂದು ಮಾತು. ಇನ್ಸುಲಿನ್ ಚುಚ್ಚಿಕೊಂಡು ಊಟ ಬಿಡಬೇಡ. ಊಟ ಬಿಡುತ್ತೇನೆ ಅಂತ ನೀನೇ ಇನ್ಸುಲಿನ್ ನಿಲ್ಲಿಸಲೂಬೇಡ. ಇವತ್ತೇ ನಿಮ್ಮ ಡಾಕ್ಟರಿಗೆ ಒಂದು ಫೋನ್ ಮಾಡಿ ಕೇಳಿಬಿಡು. ಉಳಿದದ್ದೆಲ್ಲ ನಿಧಾನಕ್ಕೆ ಹೇಳುತ್ತೇನೆ. ಸ್ವಲ್ಪ ಉದ್ದ ಆಗುತ್ತೆ, ಮೂವತ್ತು ವರ್ಷ ಹೈಸ್ಕೂಲಲ್ಲಿ ಪಾಠ ಮಾಡಿದ ಬಾಯಿ ಇದು. ಹೇಗೂ ದೊಡ್ಡಮ್ಮ, ಮಾವ ಎಲ್ಲ ಈ ಗ್ರೂಪಲ್ಲಿ ಇದ್ದೀರಲ್ಲ, ನೀವೂ ಕೇಳಿಸಿಕೊಳ್ಳಿ.

ನಿಮ್ಮತ್ತೆ ಹೇಳಿದ ಆ 6:20 ಸುಮ್ನೆ ಬಂದ ಲೆಕ್ಕ ಅಲ್ಲ. 2026ರ ಮಾರ್ಚ್ 3ರಂದು ಭೂಮಿಯ ಗಾಢ ನೆರಳು ಚಂದ್ರನನ್ನು ಮುಟ್ಟುವುದು ಮಧ್ಯಾಹ್ನ 3:20ಕ್ಕೆ. ಚಂದ್ರಗ್ರಹಣಕ್ಕೆ ಮೂರು ಯಾಮ, ಅಂದ್ರೆ ಒಂಬತ್ತು ಗಂಟೆ ಮುಂಚೆಯಿಂದ ಊಟ ಬಿಡಬೇಕು ಅಂತ ಪಂಚಾಂಗದ ಕ್ರಮ. 3:20ರಿಂದ ಒಂಬತ್ತು ಗಂಟೆ ಹಿಂದಕ್ಕೆ ಹೋದರೆ ಬೆಳಿಗ್ಗೆ 6:20. ಲೆಕ್ಕ ಸರಿಯಾಗೇ ಇದೆ. ಅದಕ್ಕೇ ಅವರ ಹತ್ತಿರ "ಇದೆಲ್ಲ ಸುಳ್ಳು" ಅಂತ ಶುರು ಮಾಡಬೇಡ. ಶುರುವಿನಲ್ಲೇ ಮಾತು ಕೆಟ್ಟುಹೋಗುತ್ತದೆ, ಅಷ್ಟೇ ಅಲ್ಲ, ನೀನು ಹೇಳುವುದೂ ಪೂರ್ತಿ ನಿಜ ಆಗುವುದಿಲ್ಲ.

ರಾಹು ವಿಷಯವೇ ತಗೋ. ಹುಣ್ಣಿಮೆ ಪ್ರತಿ ತಿಂಗಳು ಬರುತ್ತೆ, ಗ್ರಹಣ ಪ್ರತಿ ತಿಂಗಳು ಯಾಕೆ ಬರುವುದಿಲ್ಲ? ಕ್ಲಾಸಿನಲ್ಲಿ ಈ ಪ್ರಶ್ನೆ ಕೇಳಿದರೆ ಹಿಂದಿನ ಬೆಂಚಿನವರೂ ತಲೆ ಎತ್ತುತ್ತಿದ್ದರು. ಚಂದ್ರ ನಮ್ಮನ್ನು ಸುತ್ತುವ ದಾರಿ, ಸೂರ್ಯ ಆಕಾಶದಲ್ಲಿ ಸಾಗುವಂತೆ ಕಾಣುವ ದಾರಿಗೆ ಸುಮಾರು ಐದು ಡಿಗ್ರಿ ಓರೆಯಾಗಿದೆ. ಐದು ಡಿಗ್ರಿ ಅಂದ್ರೆ ಹತ್ತು ಹುಣ್ಣಿಮೆ ಚಂದ್ರರನ್ನು ಸಾಲಾಗಿ ಜೋಡಿಸಿದಷ್ಟು ದೂರ. ಹಾಗಾಗಿ ಹೆಚ್ಚಿನ ಹುಣ್ಣಿಮೆಗಳಲ್ಲಿ ಚಂದ್ರ ಭೂಮಿಯ ನೆರಳಿನ ಮೇಲೋ ಕೆಳಗೋ ನುಸುಳಿಕೊಂಡು ಹೋಗಿಬಿಡುತ್ತಾನೆ. ಎರಡು ದಾರಿಗಳೂ ಒಂದನ್ನೊಂದು ದಾಟುವ ಜಾಗ ಎರಡೇ ಎರಡು. ಹುಣ್ಣಿಮೆ ಆ ಜಾಗದ ಹತ್ತಿರ ಬಿದ್ದರೆ ಚಂದ್ರಗ್ರಹಣ, ಅಮಾವಾಸ್ಯೆ ಬಿದ್ದರೆ ಸೂರ್ಯಗ್ರಹಣ. ನಮ್ಮ ಹಳೆಯ ಗಣಿತದವರು ಆ ಎರಡು ಜಾಗಗಳನ್ನೇ ರಾಹು, ಕೇತು ಅಂತ ಕರೆದು ಲೆಕ್ಕ ಹಾಕಿದರು. ಅದು ಕಣ್ಣಿಗೆ ಕಾಣುವ ಗ್ರಹ ಅಲ್ಲ. ಬರೀ ಒಂದು ಕೂಡುಜಾಗ. ಆ ಕೂಡುಜಾಗವೂ ನಿಂತಲ್ಲಿ ನಿಲ್ಲುವುದಿಲ್ಲ, ಹಿಮ್ಮುಖವಾಗಿ ಸರಿಯುತ್ತಾ ಸುಮಾರು ಹದಿನೆಂಟೂವರೆ ವರ್ಷಕ್ಕೆ ಒಂದು ಸುತ್ತು ಬರುತ್ತದೆ. ರಾಹು ಯಾವಾಗಲೂ ವಕ್ರ, ಒಂದು ರಾಶಿಯಲ್ಲಿ ಒಂದೂವರೆ ವರ್ಷ ಇರುತ್ತಾನೆ ಅಂತ ಅಜ್ಜ ಹೇಳುತ್ತಿದ್ದರಲ್ಲ? ಹನ್ನೆರಡು ರಾಶಿಗೆ ಗುಣಿಸಿ ನೋಡು.

ಆರ್ಯಭಟ 499ರಲ್ಲೇ ಸೂರ್ಯನನ್ನು ಮುಚ್ಚುವುದು ಚಂದ್ರ, ಚಂದ್ರನನ್ನು ಮುಚ್ಚುವುದು ಭೂಮಿಯ ನೆರಳು ಅಂತ ಬರೆದಿದ್ದಾನೆ. ಅಂದ್ರೆ ನೆರಳಿನ ಕಥೆ ಹೊರಗಿನಿಂದ ಬಂದದ್ದೂ ಅಲ್ಲ, ಮೊನ್ನೆ ಮೊನ್ನೆ ಬಂದದ್ದೂ ಅಲ್ಲ. ಹಾವಿನ ಕಥೆ ಮಕ್ಕಳಿಗೂ ನೆನಪಿರುವ ಹಾಗೆ ಇದೆ, ಅದನ್ನೂ ಹೇಳೋಣ. ಲೆಕ್ಕ ಹಾಕುವಾಗ ಪಂಚಾಂಗದವರು ಕೂತು ನೋಡುವುದು ನೆರಳನ್ನೇ.

ಈಗ ಚಾಕುವಿಗೆ ಬರೋಣ. ನಿನಗೆ ಒಳಗೊಳಗೇ ಹೆದರಿಕೆ ಇರುವುದು ಇದಕ್ಕೇ ಅಂತ ನನಗೆ ಗೊತ್ತು.

ಮಗುವಿನ ಮುಖ ಒಂದೇ ತುಂಡಾಗಿ ಬೆಳೆಯುವುದಿಲ್ಲ. ಎರಡೂ ಕಡೆಯಿಂದ ಭಾಗಗಳು ಬಂದು ನಡುವೆ ಕೂಡಿಕೊಳ್ಳುತ್ತವೆ. ಮೇಲ್ದುಟಿ ಕೂಡಿಕೊಳ್ಳುವುದು ಗರ್ಭದ ನಾಲ್ಕರಿಂದ ಏಳನೇ ವಾರದೊಳಗೆ, ಬಾಯಿಯ ಅಂಗುಳ ಆರರಿಂದ ಒಂಬತ್ತನೇ ವಾರದೊಳಗೆ. ಆಗ ತುಟಿ ಕೂಡಿಕೊಳ್ಳದೆ ಉಳಿದರೆ ಅದೇ ಸೀಳುತುಟಿ. ನೀನು ಬಸುರಿ ಅಂತ ನಮಗೆಲ್ಲ ಫೋನ್ ಮಾಡಿ ಹೇಳಿದ ಹೊತ್ತಿಗೆ ನಿನ್ನ ಮಗುವಿನ ತುಟಿಯ ಕೆಲಸ ಹೆಚ್ಚುಕಡಿಮೆ ಮುಗಿದಿತ್ತು, ಪುಟ್ಟಿ. ಕೂಡಿಕೊಂಡ ತುಟಿ ಏಳನೇ ತಿಂಗಳಲ್ಲಿ ತರಕಾರಿ ಹೆಚ್ಚಿದ್ದಕ್ಕೆ ಮತ್ತೆ ಬಿಟ್ಟುಕೊಳ್ಳುವುದಿಲ್ಲ. ಐದನೇ ತಿಂಗಳ ದೊಡ್ಡ ಸ್ಕ್ಯಾನಿನಲ್ಲಿ ತುಟಿಯನ್ನೂ ನೋಡುತ್ತಾರೆ. ಆ ರಿಪೋರ್ಟ್ ತೆಗೆದುಕೊಂಡು ಹೋಗಿ ಡಾಕ್ಟರನ್ನೇ ಕೇಳು, ಅತ್ತೆಯನ್ನೂ ಜೊತೆಗೆ ಕರೆದುಕೊಂಡು ಹೋಗು.

ಸೀಳುತುಟಿಗೆ ನಿಜವಾದ ಕಾರಣಗಳು ಬೇರೆ ಇವೆ. ಕೆಲವು ಮನೆತನದಲ್ಲಿ ಬರುತ್ತದೆ, ಕೆಲವೊಮ್ಮೆ ಮೊದಲ ತಿಂಗಳುಗಳಲ್ಲಿ ತಗೊಂಡ ಕೆಲವು ಫಿಟ್ಸ್ ಮಾತ್ರೆಗಳಿಂದ, ತಾಯಿ ಸಿಗರೇಟು ಸೇದುವುದರಿಂದ, ಗರ್ಭ ನಿಲ್ಲುವ ಮೊದಲೇ ಇದ್ದ ಸಕ್ಕರೆ ಕಾಯಿಲೆಯಿಂದ ಅದರ ಸಾಧ್ಯತೆ ಜಾಸ್ತಿಯಾಗುತ್ತದೆ. ಎಷ್ಟೋ ಸಲ ಕಾರಣವೇ ಸಿಗುವುದಿಲ್ಲ. ಕಾರಣ ಸಿಗದ ಕಡೆ ಜನ ತಾಯಿಯನ್ನು ಹಿಡಿದುಕೊಳ್ಳುತ್ತಾರೆ. ನಮ್ಮ ಬೀದಿಯಲ್ಲೇ ಒಬ್ಬಳ ಮಗುವಿಗೆ ಹಾಗಾಗಿತ್ತು. ಗ್ರಹಣದ ದಿನ ಈರುಳ್ಳಿ ಹೆಚ್ಚಿದೆಯಾ, ಬಟ್ಟೆ ಹೊಲಿದೆಯಾ ಅಂತ ಬಾಣಂತಿಯನ್ನು ಕೂರಿಸಿಕೊಂಡು ವಿಚಾರಣೆ ಮಾಡಿದರು. ಅವಳು ಅತ್ತು ಅತ್ತು ಹೌದು ಅಂದುಬಿಟ್ಟಳು! ಮಗುವಿಗೆ ಕೆಲವು ತಿಂಗಳಾದ ಮೇಲೆ ಆಪರೇಷನ್ ಆಯಿತು, ಈಗ ಅವನು ಕಾಲೇಜಿಗೆ ಹೋಗುತ್ತಾನೆ, ಮೀಸೆ ಬಿಟ್ಟಿದ್ದಾನೆ, ಗುರುತೇ ಸಿಗುವುದಿಲ್ಲ. ಅವಳು ಮಾತ್ರ ಇವತ್ತಿಗೂ ಗ್ರಹಣ ಅಂದ್ರೆ ಎದ್ದು ಒಳಗೆ ಹೋಗುತ್ತಾಳೆ.

ಅಲ್ಲಾಡದೆ ಮಲಗುವುದರ ಬಗ್ಗೆ. ಅಂಗಾತ ಮಾತ್ರ ಮಲಗಬೇಡ. ಏಳು ತಿಂಗಳಲ್ಲಿ ಗರ್ಭಕೋಶ ಭಾರ ಇರುತ್ತದೆ. ಅಂಗಾತ ಮಲಗಿದರೆ ಅದು ಬೆನ್ನುಮೂಳೆಯ ಪಕ್ಕದ ದೊಡ್ಡ ರಕ್ತನಾಳವನ್ನು ಒತ್ತುತ್ತದೆ, ತಲೆ ಸುತ್ತು ಬರುತ್ತದೆ. ಎಡಕ್ಕೆ ಹೊರಳಿಕೊಂಡು ಮಲಗು, ಮಗ್ಗಲು ಬದಲಿಸು, ಎದ್ದು ನಾಲ್ಕು ಹೆಜ್ಜೆ ಓಡಾಡು.

ಇನ್ನು ಕಿರಣಗಳು. ಬೆಳಗ್ಗೆ ಮಾವ ಕಳಿಸಿದ ಫಾರ್ವರ್ಡ್ ನೋಡಿದೆ, "ಗ್ರಹಣದ ವಿಷಕಿರಣ" ಅಂತ. ಮಾವ, ಬೇಜಾರು ಮಾಡ್ಕೋಬೇಡಿ. ಚಂದ್ರನಿಗೆ ಸ್ವಂತ ಬೆಳಕಿಲ್ಲ, ಅವನ ಮೇಲೆ ಬಿದ್ದ ಬಿಸಿಲೇ ನಮಗೆ ಬೆಳದಿಂಗಳು. ಗ್ರಹಣದಲ್ಲಿ ಆಗುವುದು ಇಷ್ಟೇ, ಆ ಬಿಸಿಲಿಗೆ ನಮ್ಮ ಭೂಮಿ ಅಡ್ಡ ನಿಲ್ಲುತ್ತದೆ. ಅಂದ್ರೆ ಬೆಳಕು ಕಡಿಮೆಯಾಗುತ್ತದೆ, ಹೊಸದಾಗಿ ಏನೂ ಸೇರುವುದಿಲ್ಲ. ಇನ್ನು ಆ ನಿಂತ ಒನಕೆಯ ವಿಡಿಯೊ. ನಮ್ಮಜ್ಜಿ ತಟ್ಟೆಯಲ್ಲಿ ನೀರು ಹಾಕಿ ಒನಕೆ ನಿಲ್ಲಿಸಿ ತೋರಿಸುತ್ತಿದ್ದದ್ದು ನನಗೂ ನೆನಪಿದೆ, ನನಗೂ ಮೈ ಜುಮ್ಮೆನ್ನುತ್ತಿತ್ತು. ಆಮೇಲೆ ಒಂದು ಸಾದಾ ಗುರುವಾರ ನಾನೇ ನಿಲ್ಲಿಸಿ ನೋಡಿದೆ. ನಿಂತಿತು. ತಳ ಚಪ್ಪಟೆ ಇದ್ದರೆ, ಕೈ ಸ್ವಲ್ಪ ನಿಧಾನ ಇದ್ದರೆ ಯಾವತ್ತು ಬೇಕಾದರೂ ನಿಲ್ಲುತ್ತದೆ. ನಾವು ನಿಲ್ಲಿಸಿ ನೋಡುವುದು ಗ್ರಹಣದ ದಿನ ಮಾತ್ರ, ಅದೇ ಗುಟ್ಟು.

ಕಣ್ಣಿಗೆ ಅಪಾಯ ಇರುವುದು ಸೂರ್ಯಗ್ರಹಣದಲ್ಲಿ. 2027ರ ಆಗಸ್ಟ್ 2ಕ್ಕೆ ನಮ್ಮ ಕಡೆ ಭಾಗಶಃ ಕಾಣುತ್ತದೆ. ಆಗ ಎಕ್ಸ್‌ರೇ ಹಾಳೆ, ಸಗಣಿ ನೀರಿನ ಪ್ರತಿಬಿಂಬ ಎರಡೂ ಬೇಡ. ಕಣ್ಣಿನ ಪರದೆ ಸುಡುವಾಗ ನೋವೇ ಆಗುವುದಿಲ್ಲ, ಗೊತ್ತಾಗುವುದು ಆಮೇಲೆ. ಅದನ್ನು ಆವತ್ತಿಗೆ ಮಾತಾಡೋಣ. ಚಂದ್ರಗ್ರಹಣಕ್ಕೆ ಬರಿಗಣ್ಣು ಸಾಕು, ಹುಣ್ಣಿಮೆ ನೋಡಿದ ಹಾಗೆ ನೋಡಬಹುದು.

ಸರಿ, ಅತ್ತೆಗೆ ಏನು ಹೇಳುವುದು? ಪಂಚಾಂಗವನ್ನೇ ಕೈಗೆ ತಗೋ. ಬಾಲರು, ವೃದ್ಧರು, ಆತುರರು ಅಂದ್ರೆ ಕಾಯಿಲೆಯವರು, ಗರ್ಭಿಣಿಯರಿಗೆ ಊಟದ ನಿಯಮ ಸಡಿಲ ಅಂತ ಗ್ರಹಣದ ಪುಟದಲ್ಲೇ ಸಾಮಾನ್ಯವಾಗಿ ಹಾಕಿರುತ್ತಾರೆ. ಅದನ್ನು ಅವರ ಎದುರಿಗೇ ಓದು. ಇನ್ನೊಂದು, ಗ್ರಹಣ ಶುರುವಾಗುವುದು 3:20ಕ್ಕೆ, ಪೂರ್ತಿ ಮುಚ್ಚಿರುವುದು 4:34ರಿಂದ 5:33ರವರೆಗೆ. ಆಗ ಬೆಂಗಳೂರಿನಲ್ಲಿ ಚಂದ್ರ ಹುಟ್ಟಿರುವುದೇ ಇಲ್ಲ! ಅವನು ಹುಟ್ಟುವುದು ಆರೂವರೆ ಸುಮಾರಿಗೆ, ನೆರಳು ಬಿಡುವುದು 6:47ಕ್ಕೆ. ಹಿಡಿದಿರುವಾಗಲೇ ಹುಟ್ಟುವುದಕ್ಕೆ ಗ್ರಸ್ತೋದಯ ಅನ್ನುತ್ತಾರೆ. ನಮಗೆ ಕಾಣುವ ಗ್ರಹಣ ಹದಿನೈದು ಇಪ್ಪತ್ತು ನಿಮಿಷದ್ದು ಅಷ್ಟೇ.

ಹಾಗಾಗಿ ಮೆಲ್ಲಗೆ ಹೀಗೆ ಹೇಳು: "ಅತ್ತೆ, ನೀವು ಹೇಳುವುದು ಮಗುವಿಗೆ ಒಳ್ಳೆಯದಾಗಲಿ ಅಂತಲೇ. ಇನ್ಸುಲಿನ್ ತಗೊಂಡು ಉಪವಾಸ ಇದ್ದರೆ ಶುಗರ್ ಇಳಿದು ಬೆವರು, ನಡುಕ ಬರುತ್ತೆ, ಪ್ರಜ್ಞೆ ತಪ್ಪಲೂಬಹುದು. ಬೆಳಿಗ್ಗೆ ತಿಂಡಿ, ಮಧ್ಯಾಹ್ನ ಊಟ ಬಿಸಿಯಾಗಿ ಆಗಾಗಲೇ ಮಾಡಿಕೊಂಡು ತಿನ್ನುತ್ತೇನೆ, ಐದೂವರೆಗೆ ಏನಾದರೂ ಸ್ವಲ್ಪ ತಿನ್ನುತ್ತೇನೆ. ಚಂದ್ರ ಹುಟ್ಟಿದ ಮೇಲೆ ಬಿಡುವವರೆಗೂ ನಿಮ್ಮ ಜೊತೆ ದೇವರ ಮನೆಯಲ್ಲಿ ಕೂರುತ್ತೇನೆ. ಆಮೇಲೆ ಸ್ನಾನ ಮಾಡಿ ಏಳೂವರೆಗೆ ಊಟಕ್ಕೆ ಕೂರೋಣ." ಯಾವ ಹೊತ್ತಿಗೆ ಎಷ್ಟು ತಿನ್ನಬೇಕು ಅನ್ನುವುದು ಮಾತ್ರ ಡಾಕ್ಟರ್ ಹೇಳಿದ ಹಾಗೆ. ನಡುವೆ ಬೆವರು, ನಡುಕ ಶುರುವಾದರೆ ದೇವರ ಮನೆಯಲ್ಲೇ ಇದ್ದರೂ ಸರಿ, ತಕ್ಷಣ ಸಕ್ಕರೆ ನೀರು ಕುಡಿದುಬಿಡು. ಈ ಮಾತನ್ನು ಅತ್ತೆಗೂ ಮೊದಲೇ ಹೇಳಿಟ್ಟಿರು.

ನೀರು ಬೇಕಾದಾಗ ಕುಡಿ. ಮಾರ್ಚ್ ಬಿಸಿಲು ಬೇರೆ. ಅವರು ನೀರಿಗೆ, ಹಾಲಿಗೆ ದರ್ಭೆ ಹಾಕಿದರೆ ಹಾಕಲಿ, ಅದರಿಂದ ತೊಂದರೆ ಇಲ್ಲ. ಆದರೆ ಬೆಳಿಗ್ಗೆ ಮಾಡಿದ ಅನ್ನಕ್ಕೆ ದರ್ಭೆ ಹಾಕಿ ರಾತ್ರಿವರೆಗೂ ಹೊರಗೇ ಇಟ್ಟರೆ ಅದು ಬೇಡ. ಸೆಖೆಗೆ ಅನ್ನ ಹಳಸುತ್ತದೆ, ದರ್ಭೆ ಇದ್ದರೂ ಹಳಸುತ್ತದೆ. ಬೇಕಿದ್ದರೆ ಯಾವುದಾದರೂ ಸಾದಾ ದಿನ ಎರಡು ಬಟ್ಟಲಲ್ಲಿ ಇಟ್ಟು, ಒಂದಕ್ಕೆ ಮಾತ್ರ ದರ್ಭೆ ಹಾಕಿ ನೋಡಿ, ಮಕ್ಕಳಿಗೂ ತೋರಿಸಬಹುದು.

ಕೆಂಪು ಚಂದ್ರನ ಫೋಟೊ ಆವತ್ತು ಗ್ರೂಪಿಗೆ ಬರುತ್ತದೆ, ನಮ್ಮೂರಿನದು ಅಂತ. ನಂಬಬೇಡಿ. 2025ರ ಸೆಪ್ಟೆಂಬರ್ 7ರ ರಾತ್ರಿ ಹನ್ನೊಂದರ ಮೇಲೆ ಇಲ್ಲೂ ಪೂರ್ತಿ ಗ್ರಹಣ ಇತ್ತು, ಈ ಸಲ ಆ ಭಾಗ ಚಂದ್ರ ಹುಟ್ಟುವ ಮೊದಲೇ ಮುಗಿದಿರುತ್ತದೆ. ನಮಗೆ ಕಾಣುವುದು ಒಂದು ಅಂಚು ಕಚ್ಚಿದ ಹಾಗಿರುವ ಚಂದ್ರ, ಪೂರ್ವಕ್ಕೆ, ತೀರಾ ಕೆಳಗೆ. ಮೇಲಿನ ಎಡ ಅಂಚು ಕಪ್ಪಾಗಿರುತ್ತದೆ. ನಿನ್ನ ರೂಮಿನ ಕಿಟಕಿ ಪೂರ್ವಕ್ಕೇ ಇದೆ, ಆದರೆ ಎದುರಿಗೆ ಆ ಹೊಸ ಅಪಾರ್ಟ್‌ಮೆಂಟ್ ಎದ್ದಿದೆಯಲ್ಲ, ಅಲ್ಲಿಂದ ಕಾಣುವುದು ಅನುಮಾನ. ನಾನು ಇಲ್ಲಿ ತಾರಸಿ ಹತ್ತುತ್ತೇನೆ, ಕಂಡರೆ ಫೋಟೊ ಹಾಕುತ್ತೇನೆ.