ಪದಚರ್ಚೆ: ‘ಕ್ವಿಂಟೈಲ್’ ಎಂದರೆ ಗೆರೆಯೋ, ಗುಂಪೋ?

ಪ್ರಶ್ನೆ (ಅನುವಾದಕಿ, ಮೈಸೂರು)

ಎಲ್ಲರಿಗೂ ನಮಸ್ಕಾರ. ಸಣ್ಣ ಅಂಗಡಿಗಳ ಲೆಕ್ಕ ನೋಡಿಕೊಳ್ಳುವ ಹುಡುಗರಿಗಾಗಿ ಒಂದು ಕೈಪಿಡಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ಗಿರಾಕಿಗಳನ್ನು ಮೂರು ಅಳತೆಯಲ್ಲಿ ನೋಡಿ ಗುಂಪು ಮಾಡುವ ಅಧ್ಯಾಯದಲ್ಲಿ ಸಿಕ್ಕಿಕೊಂಡಿದ್ದೇನೆ. ಕೊನೆಯ ಸಲ ಬಂದು ಎಷ್ಟು ದಿನವಾಯಿತು, ವರ್ಷದಲ್ಲಿ ಎಷ್ಟು ಸಲ ಕೊಂಡರು, ಒಟ್ಟು ಎಷ್ಟು ರೂಪಾಯಿಗೆ ಕೊಂಡರು ಎಂಬುವು ಆ ಮೂರು ಅಳತೆಗಳು. ಪ್ರತಿಯೊಂದರಲ್ಲೂ ಗಿರಾಕಿಗಳನ್ನು ಸಾಲಾಗಿ ನಿಲ್ಲಿಸಿ, ತಲೆ ಎಣಿಸಿ ಐದು ಸಮಪಾಲು ಮಾಡಿ, 1ರಿಂದ 5ರವರೆಗೆ ಅಂಕ ಕೊಡುತ್ತಾರೆ. ಮೂರರಲ್ಲೂ 5 ಬಂದವರು ‘555’.

ನನ್ನ ತೊಂದರೆ ಇದು. ಮೂಲದಲ್ಲಿ ‘ಕ್ವಿಂಟೈಲ್’ಗಳು ಒಂದು ಕಡೆ ನಾಲ್ಕು ಎಂದಿದೆ, ಇನ್ನೊಂದು ಕಡೆ ಐದು ಎಂದಿದೆ. ನಾನು ‘ಪಂಚಕ’ ಎಂದು ಹಾಕಿದ್ದೆ. ‘ನಾಲ್ಕು ಪಂಚಕಗಳು’ ಎಂದು ಬರೆದಾಗ ನನಗೇ ನಗು ಬಂತು. ಜೊತೆಗೆ ಮೊದಲ ಅಳತೆಯಾದ ‘ರೀಸೆನ್ಸಿ’ಗೆ ‘ಇತ್ತೀಚಿನತನ’ ಎಂದಿದ್ದೇನೆ, ಅದೂ ಸರಿ ಕಾಣುತ್ತಿಲ್ಲ.

ಉತ್ತರ (ಪಂಚಾಂಗ ಬಲ್ಲ ಹಿರಿಯರು, ಶಿರಸಿ)

‘ಪಂಚಕ’ ಬೇಡವೇ ಬೇಡ. ಧನಿಷ್ಠೆಯ ಉತ್ತರಾರ್ಧದಿಂದ ರೇವತಿಯವರೆಗಿನ ಕಾಲಕ್ಕೆ ಆ ಹೆಸರಿದೆ, ಶುಭಕಾರ್ಯಕ್ಕೆ ವರ್ಜ್ಯ. ‘ನಿಮ್ಮ ಗಿರಾಕಿ ಐದನೆಯ ಪಂಚಕದಲ್ಲಿದ್ದಾರೆ’ ಎಂದರೆ ಅಂಗಡಿಯವರು ಶಾಂತಿ ಮಾಡಿಸಲು ಹೊರಡುತ್ತಾರೆ. ‘ಪಂಚಮಾಂಶ’ ಎನ್ನಬಹುದಲ್ಲ?

ಉತ್ತರ (ಸಂಖ್ಯಾಶಾಸ್ತ್ರದ ನಿವೃತ್ತ ಅಧ್ಯಾಪಕ, ಧಾರವಾಡ)

ನಿಮ್ಮ ಮೂಲ ತಪ್ಪಿಲ್ಲ ಮೇಡಂ. ಇಂಗ್ಲಿಷಿನಲ್ಲೇ ಆ ಪದ ಎರಡು ಕೆಲಸ ಮಾಡುತ್ತದೆ. ನಾವು ತರಗತಿಯಲ್ಲಿ ‘ಚತುರ್ಥಕ’ ಎಂದಾಗ ಅದು ಒಂದು ಬಿಂದು. ಅಂಥವು ಮೂರೇ, ಎರಡನೆಯದೇ ಮಧ್ಯಾಂಕ. ಅರ್ಥಶಾಸ್ತ್ರದವರು ‘ಕೆಳಗಿನ ಕ್ವಿಂಟೈಲಿನ ಕುಟುಂಬಗಳು’ ಎಂದಾಗ ಅದು ಜನರ ಗುಂಪು. ಹಗ್ಗವನ್ನು ನಾಲ್ಕು ಕಡೆ ಕತ್ತರಿಸಿದರೆ ಐದು ತುಂಡಾಗುತ್ತದೆ. ಕತ್ತರಿಸಿದ ಜಾಗಕ್ಕೂ ತುಂಡಿಗೂ ಒಂದೇ ಹೆಸರಿಟ್ಟರೆ ಗೊಂದಲ ಆಗಿಯೇ ಆಗುತ್ತದೆ. ಕನ್ನಡದಲ್ಲಿ ಹೊಸದಾಗಿ ಹೇಳುವಾಗ ಆ ಗೊಂದಲವನ್ನೂ ಯಾಕೆ ಆಮದು ಮಾಡಿಕೊಳ್ಳಬೇಕು? ಕತ್ತರಿಸುವ ಬೆಲೆಗೆ ‘ಗೆರೆ’ ಎನ್ನಿ, ಗುಂಪಿಗೆ ‘ಪಾಲು’ ಎನ್ನಿ. ನಾಲ್ಕು ಗೆರೆ, ಐದು ಪಾಲು.

ಎಚ್ಚರ: ‘ಐದನೇ ಪಾಲು’ ಎಂದು ಬರೆಯಬೇಡಿ. ಓದುವವರು ಅದನ್ನು ಐದರಲ್ಲೊಂದು ಎಂದೂ ತಿಳಿಯುತ್ತಾರೆ, ಐದನೆಯ ಗುಂಪು ಎಂದೂ ತಿಳಿಯುತ್ತಾರೆ. ‘ಪಂಚಮಾಂಶ’ಕ್ಕೂ ಇದೇ ತೊಡಕು.

‘ಅಂಕ’ ಎಂಬ ಮಾತಿನ ಮೇಲೂ ನನ್ನ ತಕರಾರಿದೆ. ಅಂಕ ಎಂದರೆ ಪರೀಕ್ಷೆಯ ಅಂಕ ನೆನಪಾಗುತ್ತದೆ, ಐದಕ್ಕೆ ಐದು ಬಂದರೆ ಜಾಣ ಎಂದಾಗುತ್ತದೆ. ಇಲ್ಲಿ 5 ಎಂದರೆ ಈ ಅಂಗಡಿಯ, ಈ ವರ್ಷದ ಸಾಲಿನಲ್ಲಿ ಮುಂದಿನ ಐದರಲ್ಲೊಂದು ಪಾಲಿನವರು ಎಂದಷ್ಟೇ. ಗಿರಾಕಿಗಳ ತಲೆ ಅಷ್ಟೇ ಇದ್ದರೆ, ವ್ಯಾಪಾರ ಅರ್ಧಕ್ಕಿಳಿದ ವರ್ಷವೂ ಅಷ್ಟೇ ಮಂದಿಗೆ 5 ಬರುತ್ತದೆ. ಹೋದ ವರ್ಷದ 5ನ್ನೂ ಈ ವರ್ಷದ 5ನ್ನೂ ಪಕ್ಕಪಕ್ಕ ಇಟ್ಟು ‘ಒಳ್ಳೆಯ ಗಿರಾಕಿಗಳು ಕಡಿಮೆಯಾಗಿಲ್ಲ’ ಎಂದು ಹೇಳಿದವರನ್ನು ನಾನು ಕಂಡಿದ್ದೇನೆ. ಕಡಿಮೆಯಾಗುವುದು ಸಾಧ್ಯವೇ ಇಲ್ಲ, ನಾವೇ ಎಣಿಸಿ ಐದು ಪಾಲು ಮಾಡಿದ್ದೇವಲ್ಲ! ‘ದರ್ಜೆ’ ವಾಸಿ.

ಉತ್ತರ (ಬೀಜ ಗೊಬ್ಬರದ ಅಂಗಡಿ, ಗದಗ ಜಿಲ್ಲೆ)

ನನ್ನ ಅನುಭವ ಹೇಳುತ್ತೇನೆ. ಲೆಕ್ಕದ ಹುಡುಗನೊಬ್ಬ ಏಪ್ರಿಲ್ ಕೊನೆಯಲ್ಲಿ ಹೀಗೇ ಪಟ್ಟಿ ಮಾಡಿ, ‘ಈ ನೂರಾರು ಗಿರಾಕಿಗಳು ಕೈಬಿಟ್ಟು ಹೋಗಿದ್ದಾರೆ, ಆರು ತಿಂಗಳಿಂದ ಬಂದಿಲ್ಲ’ ಎಂದ. ನಮ್ಮ ರೈತರು ಮುಂಗಾರಿಗೆ ಒಂದು ಸಲ, ಹಿಂಗಾರಿಗೆ ಒಂದು ಸಲ ಬರುತ್ತಾರೆ. ಏಪ್ರಿಲಿನಲ್ಲಿ ಬಂದು ಏನು ಕೊಳ್ಳಬೇಕು? ಅವರೆಲ್ಲ ಜೂನಿನಲ್ಲಿ ಬಂದರು. ಆದ್ದರಿಂದ ನಿಮ್ಮ ‘ಇತ್ತೀಚಿನತನ’ಕ್ಕೆ ಹೆಸರು ಏನೇ ಇಡಿ, ನಮ್ಮಂಥ ಅಂಗಡಿಗೆ ದಿನ ಎಣಿಸುವ ಬದಲು ಹಂಗಾಮು ಎಣಿಸಿ ಎಂದು ಕೈಪಿಡಿಯಲ್ಲಿ ಒಂದು ಸಾಲು ಬರೆಯಿರಿ. ತಪ್ಪಿದ್ದು ಒಂದು ಹಂಗಾಮೋ ಎರಡೋ ಎಂಬುದು ಮುಖ್ಯ.

ಇನ್ನೊಂದು ಮಾತು. ಮೂರನೆಯ ಅಳತೆಗೆ ‘ಗ್ರಾಹಕರ ಖರ್ಚು’ ಎಂದು ಬರೆಯಬೇಡಿ. ನಮ್ಮ ಪುಸ್ತಕದಲ್ಲಿ ಜಮಾ ಒಂದು ಕಡೆ, ಖರ್ಚು ಒಂದು ಕಡೆ, ಖರ್ಚೆಂದರೆ ಅಂಗಡಿಯ ಕೈಯಿಂದ ಹೋದದ್ದು. ನಾವು ‘ಅವರದು ವರ್ಷಕ್ಕೆ 40 ಸಾವಿರದ ವ್ಯಾಪಾರ’ ಎನ್ನುತ್ತೇವೆ. ‘ವ್ಯಾಪಾರ’ ಸಾಕು.

ಉತ್ತರ (ದತ್ತಾಂಶದ ಕೆಲಸದವನು, ಬೆಂಗಳೂರು)

ಪದ ಯಾವುದಾದರೂ ಇರಲಿ, ಪೈಥಾನಿನ pandas ಬಳಸಿದರೆ ಐದು ಸಮಪಾಲು ಮಾಡುವುದು ಒಂದೇ ಸಾಲಿನ ಕೆಲಸ. ಗೆರೆಗಳು ಒಂದರ ಮೇಲೊಂದು ಬಿದ್ದರೆ ಕೊನೆಯ ಆಯ್ಕೆ ಅದನ್ನು ಸರಿಪಡಿಸುತ್ತದೆ:

```
pd.qcut(df["freq"], 5, labels=[1,2,3,4,5], duplicates="drop")
```

ಎರಡನೆಯ ಅಳತೆಯಾದ ‘ಫ್ರೀಕ್ವೆನ್ಸಿ’ಗೆ ನನ್ನ ಸಲಹೆ ‘ವರ್ತನೆ’. ಹಾಲಿನ ವರ್ತನೆ ಎನ್ನುತ್ತಿದ್ದರಲ್ಲ, ಅದೇ.

ಮರುಪ್ರಶ್ನೆ (ಅನುವಾದಕಿ)

ಆ ಸಾಲನ್ನು ಕೈಪಿಡಿಯ ಅಭ್ಯಾಸದ ಪಟ್ಟಿಯ ಮೇಲೆ ಓಡಿಸಿದೆ. ಅದು ಲೇಖನ ಸಾಮಗ್ರಿಯ ಅಂಗಡಿಯದು, 20 ಗಿರಾಕಿಗಳಿದ್ದಾರೆ. ವರ್ಷದಲ್ಲಿ ಒಂದೇ ಸಲ ಕೊಂಡವರು 11, ಎರಡು ಸಲ 4, ಮೂರು ಸಲ 2, ಮತ್ತೆ ಐದು, ಎಂಟು, ಹದಿನಾಲ್ಕು ಸಲ ಕೊಂಡವರು ಒಬ್ಬೊಬ್ಬರು. ಬಂದದ್ದು ಹೀಗೆ:

```
ValueError: Bin labels must be one fewer than the number of bin edges
```

ಉತ್ತರ (ಅಧ್ಯಾಪಕ, ಧಾರವಾಡ)

ಆಹಾ, ಇದು ಪದದ ಚರ್ಚೆಗೆ ತಕ್ಕ ಉದಾಹರಣೆ. ಈ 20 ಜನರನ್ನು ಸಾಲಾಗಿ ನಿಲ್ಲಿಸಿ. ಮೊದಲ ಹನ್ನೊಂದು ಮಂದಿಯ ಕೈಯಲ್ಲೂ ‘1’ ಎಂಬ ಚೀಟಿ ಇದೆ. ಮೊದಲ ಗೆರೆ 1ರ ಮೇಲೆ ಬೀಳುತ್ತದೆ, ಎರಡನೆಯದೂ 1ರ ಮೇಲೆಯೇ. ಮೂರನೆಯದು 2, ನಾಲ್ಕನೆಯದು 3. ಪ್ರೋಗ್ರಾಂ ಎರಡು ತುದಿಗಳನ್ನೂ ಸೇರಿಸಿಕೊಳ್ಳುತ್ತದೆ, ಆಗ ಅಂಚುಗಳು 1, 1, 1, 2, 3, 14. ಮತ್ತೆ ಮತ್ತೆ ಬಂದ 1ನ್ನು ಬಿಟ್ಟರೆ ಉಳಿಯುವುದು 1, 2, 3, 14 ಎಂಬ ನಾಲ್ಕು ಅಂಚು, ಅಂದರೆ ಮೂರೇ ಪಾಲು. ನೀವು ಐದು ಹೆಸರು ಕೊಟ್ಟಿರಿ, ಮೂರು ಮಕ್ಕಳಿಗೆ ಐದು ಹೆಸರಿಟ್ಟಂತೆ. ಅದಕ್ಕೇ ದೂರು.

ಬೆಂಗಳೂರಿನ ಗೆಳೆಯರು ಹೇಳಿದ್ದು ಅರ್ಧ ಸರಿ. ಅವರ ಆಯ್ಕೆ ಗೆರೆಗಳು ಒಂದರ ಮೇಲೊಂದು ಬಿದ್ದಿವೆ ಎಂಬ ದೂರನ್ನು ನಿಲ್ಲಿಸುತ್ತದೆ, ಸಮಪಾಲನ್ನು ತರುವುದಿಲ್ಲ. ಹೆಸರುಗಳನ್ನು ಮೂರಕ್ಕಿಳಿಸಿ ಓಡಿಸಿ, ಎಷ್ಟೆಷ್ಟು ಮಂದಿ ಬಂದರು ಎಂದು ಎಣಿಸಿ ನೋಡಿ: 15, 2, 3. ಒಂದು ಸಲ ಕೊಂಡವರೂ ಎರಡು ಸಲ ಕೊಂಡವರೂ ಒಂದೇ ಪಾಲಿಗೆ ಬಿದ್ದಿದ್ದಾರೆ. ಅಂಗಡಿಗೆ ತಿಳಿಯಬೇಕಾದ ಮೊದಲ ವ್ಯತ್ಯಾಸವೇ ಅದು: ಮತ್ತೆ ಬಂದರೋ ಇಲ್ಲವೋ.

ಉತ್ತರ (ದತ್ತಾಂಶದ ಕೆಲಸದವನು)

ಒಪ್ಪಿದೆ ಸರ್, ಓಡಿಸದೆ ಹೇಳಿದ್ದು ತಪ್ಪು. ಆದರೆ `rank(method="first")` ಹಾಕಿ ಆಮೇಲೆ ಪಾಲು ಮಾಡಿದರೆ ನಾಲ್ಕು ನಾಲ್ಕು ಮಂದಿಯ ಐದು ಪಾಲು ಸರಿಯಾಗಿ ಬರುತ್ತದೆ. ನಾವು ಕಚೇರಿಯಲ್ಲಿ ಮಾಡುವುದು ಹಾಗೆಯೇ, ಈವರೆಗೆ ಯಾರೂ ಆಕ್ಷೇಪಿಸಿಲ್ಲ.

ಉತ್ತರ (ಅಧ್ಯಾಪಕ, ಧಾರವಾಡ)

ಆಕ್ಷೇಪ ಇಲ್ಲಿದೆ. ಆ ದಾರಿ ಸಮಾನರ ನಡುವೆ ಕಡತದಲ್ಲಿ ಮೊದಲು ಬಂದವನನ್ನು ಹಿಂದೆ ನಿಲ್ಲಿಸುತ್ತದೆ. ಒಂದೇ ಸಲ ಕೊಂಡ ಹನ್ನೊಂದು ಮಂದಿಯಲ್ಲಿ ನಾಲ್ವರಿಗೆ 1, ನಾಲ್ವರಿಗೆ 2, ಮೂವರಿಗೆ 3 ಬರುತ್ತದೆ. ಮೂರು ಸಲ ಕೊಂಡ ಇಬ್ಬರಲ್ಲಿ ಒಬ್ಬರಿಗೆ 4, ಇನ್ನೊಬ್ಬರಿಗೆ 5. ಇವರ ನಡುವಿನ ವ್ಯತ್ಯಾಸ ಏನು? ಹೆಸರಿನ ಅಕಾರಾದಿ ಇರಬಹುದು, ಮೊಬೈಲ್ ಸಂಖ್ಯೆ ಇರಬಹುದು. ಕಡತವನ್ನು ಬೇರೆ ಕ್ರಮದಲ್ಲಿ ಜೋಡಿಸಿ ಮತ್ತೆ ಓಡಿಸಿ. ದರ್ಜೆಗಳು ಜಾಗ ಬದಲಿಸಿದರೆ ಪಾಲು ಮಾಡಿದ್ದು ಗಿರಾಕಿಗಳನ್ನಲ್ಲ, ಕಡತದ ಸಾಲುಗಳನ್ನು.

ನನ್ನ ಮಾತು ಇಷ್ಟು: ದಿನಕ್ಕೂ ರೂಪಾಯಿಗೂ ಎಣಿಸಿ ಗೆರೆ ಎಳೆಯಿರಿ, ಅಲ್ಲಿ ಒಂದೇ ಬೆಲೆ ಇಷ್ಟೊಂದು ಮಂದಿಗೆ ಬರುವುದು ಕಡಿಮೆ. ಎಷ್ಟು ಸಲ ಎಂಬುದಕ್ಕೆ ಮಾತ್ರ ಕೈಯಾರೆ ಎಳೆಯಿರಿ: ಒಂದು ಸಲ, ಎರಡು ಸಲ, ಮೂರು ಅಥವಾ ಹೆಚ್ಚು. ಈ ಪಟ್ಟಿಯಲ್ಲಿ 11, 4, 5 ಮಂದಿ ಬರುತ್ತಾರೆ. ಪಾಲುಗಳು ಸಮವಲ್ಲ, ಆದರೆ ಸಮಾನರು ಒಟ್ಟಿಗೆ ಇದ್ದಾರೆ. ಆಗ ಆ ಅಂಕಣಕ್ಕೆ ‘ಕ್ವಿಂಟೈಲ್’ ಎಂಬ ಹೆಸರೇ ಸಲ್ಲದು, ‘ಗೆರೆ’ ಎಂಬುದು ಮಾತ್ರ ಎರಡಕ್ಕೂ ಸಲ್ಲುತ್ತದೆ.

‘ವರ್ತನೆ’ ಚೆಂದದ ಮಾತು, ಆದರೆ ಇಲ್ಲಿ ಹೊಂದದು. ವರ್ತನೆಯಲ್ಲಿ ಕ್ರಮ ತಪ್ಪದೆ ಎಂಬ ಅರ್ಥವಿದೆ. ಈ ಅಳತೆ ಬರೀ ಎಣಿಕೆ. ಜೂನಿನ ಒಂದೇ ವಾರದಲ್ಲಿ ಐದು ಸಲ ಬಂದು ಮತ್ತೆ ಮುಖ ತೋರದವನಿಗೂ 5, ಎರಡು ತಿಂಗಳಿಗೊಮ್ಮೆ ಬಂದವನಿಗೂ ಸುಮಾರು ಅಷ್ಟೇ. ‘ಎಷ್ಟು ಸಲ’ ಎಂದೇ ಬಿಡಿ.

ಉತ್ತರ (ಅನುವಾದಕಿ)

ಸರ್, ದಿನದ ವಿಷಯದಲ್ಲೂ ಎಡವಟ್ಟಾಗಿದೆ. ಕರಡಿನಲ್ಲಿ ‘ಇತ್ತೀಚಿನತನ ಹೆಚ್ಚಿದ್ದವರಿಗೆ 5’ ಎಂದು ಬರೆದಿದ್ದೆ. ಓದಿದ ಹುಡುಗ ದಿನಗಳ ಅಂಕಣ ನೋಡಿ, ಹೆಚ್ಚು ದಿನ ಆದವರಿಗೆಲ್ಲ 5 ಕೊಟ್ಟ. ಮೊನ್ನೆಯಷ್ಟೇ ಬಂದು ಹೋದ, ಹದಿನಾಲ್ಕು ಸಲ ಕೊಂಡ ಗಿರಾಕಿಗೆ ‘ನಿಮ್ಮನ್ನು ಕಂಡು ಬಹಳ ದಿನವಾಯಿತು’ ಎಂಬ ಸಂದೇಶದ ಪಟ್ಟಿಯಲ್ಲಿ ಜಾಗ ಸಿಕ್ಕಿತ್ತು. ಪುಣ್ಯಕ್ಕೆ ಅಭ್ಯಾಸದ ಪಟ್ಟಿ. ಆದ್ದರಿಂದ ‘ಇತ್ತೀಚಿನತನ’ವನ್ನು ಹೊಡೆದುಹಾಕಿ ‘ಕೊನೆಯ ಖರೀದಿಯಿಂದ ಕಳೆದ ದಿನ’ ಎಂದು ಮಾಡಿದ್ದೇನೆ. ಉದ್ದವಾಯಿತು, ಆದರೆ ದಿನ ಕಡಿಮೆಯಿದ್ದಷ್ಟೂ ಒಳ್ಳೆಯದೆಂದು ಯಾರೂ ಹೇಳಿಕೊಡಬೇಕಿಲ್ಲ. ಹೆಸರಿಡುವ ಕ್ರಮವನ್ನೂ ತಿರುಗಿಸಿದೆ: `labels=[5,4,3,2,1]`.

ಗೆರೆ, ಪಾಲು, ವ್ಯಾಪಾರ, ಎಷ್ಟು ಸಲ ಎಂಬುವು ಕರಡಿಗೆ ಹೋದವು. ‘ದರ್ಜೆ’ಗೆ ಸಂಪಾದಕರು ಒಪ್ಪುತ್ತಿಲ್ಲ, ‘ಅಂಕ’ವೇ ಇರಲಿ ಎನ್ನುತ್ತಾರೆ.

ಉತ್ತರ (ಶಿರಸಿಯ ಹಿರಿಯರು)

ದರ್ಜೆ ಎಂದರೆ ಗಿರಾಕಿಗಳಲ್ಲಿ ಮೇಲುಕೀಳು ಮಾಡಿದಂತೆ, ಸಂಪಾದಕರು ಹೇಳುವುದು ಸರಿ. ಅಂಗಡಿಗೆ ಬಂದವರೆಲ್ಲ ಒಂದೇ.

ಉತ್ತರ (ಗದಗ ಜಿಲ್ಲೆ)

ಒಂದೇ ಎಂದು ಬಾಯಲ್ಲಿ ಹೇಳುತ್ತೇವೆ ಹಿರಿಯರೇ, ಉದ್ರಿ ಕೊಡುವಾಗ ದರ್ಜೆ ನೋಡಿಯೇ ಕೊಡುತ್ತೇವೆ. ಆ ಉದ್ರಿಯದೇ ನನ್ನ ಪ್ರಶ್ನೆ. ಜೂನಿನಲ್ಲಿ ಬೀಜ ಒಯ್ದವರು ಸುಗ್ಗಿಯಾದ ಮೇಲೆ ಹಣ ಕಟ್ಟುತ್ತಾರೆ. ಕೊನೆಯ ಖರೀದಿ ಯಾವ ದಿನದ್ದು? ‘ವ್ಯಾಪಾರ’ದಲ್ಲಿ ಬಾಕಿಯೂ ಸೇರುತ್ತದೆಯೇ?

ಉತ್ತರ (ಅಧ್ಯಾಪಕ, ಧಾರವಾಡ)

ದಿನ ಸರಕು ಒಯ್ದದ್ದೇ, ಹಣ ಕಟ್ಟಿದ್ದಲ್ಲ. ಇಲ್ಲದಿದ್ದರೆ ಬಾಕಿ ತೀರಿಸಲು ಬಂದವನೂ ಈಗಷ್ಟೇ ಕೊಂಡವನಂತೆ ಕಾಣುತ್ತಾನೆ. ಬಾಕಿಯ ಮಾತು ಅಷ್ಟು ಸುಲಭವಲ್ಲ. ಸೇರಿಸಿದರೆ ಕೊಡದವನೂ ಮೇಲಿನ ಪಾಲಿಗೆ ಹೋಗುತ್ತಾನೆ, ಬಿಟ್ಟರೆ ಸುಗ್ಗಿಗೆ ಮೊದಲು ನಿಮ್ಮ ಒಳ್ಳೆಯ ರೈತರೆಲ್ಲ ಕೆಳಗೆ ಬೀಳುತ್ತಾರೆ. ನಾನಾದರೆ ಬಾಕಿಗೆ ನಾಲ್ಕನೆಯ ಅಂಕಣ ಮಾಡಿ, ಅದಕ್ಕೆ ಗೆರೆ ಎಳೆಯದೆ ಹಾಗೇ ಬಿಡುತ್ತಿದ್ದೆ. ಉದ್ರಿ ಪುಸ್ತಕ ಇಟ್ಟ ಬೇರೆಯವರು ಏನು ಮಾಡುತ್ತಾರೋ ಕೇಳೋಣ.